ವೆಬ್‌ಸೈಟಿಗೆ ಎಷ್ಟು ಹೇಳಬೇಕು?

1971ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಓದುತ್ತಿದ್ದ ಕ್ಯಾರೊಲಿನ್ ಡೇವಿಡ್‌ಸನ್ ಒಂದು ಶೂ ಕಂಪನಿಗೆ ಲೋಗೊ ಮಾಡಿಕೊಟ್ಟರು. ಗಂಟೆಗೆ 2 ಡಾಲರ್‌ನಂತೆ ಹದಿನೇಳೂವರೆ ಗಂಟೆಗೆ 35 ಡಾಲರ್ ಬಿಲ್ ಆಯಿತು. ಅದೇ ಇಂದಿನ ನೈಕಿ ಗುರುತು. ಬೆಳೆದ ಮೇಲೆ, 1983ರಲ್ಲಿ, ಕಂಪನಿ ಅವರಿಗೆ ಷೇರು ಕೊಟ್ಟು ಗೌರವಿಸಿತು. ಇದಾದ ಮೂರು ವರ್ಷಕ್ಕೆ ಪಾಲ್ ರ‍್ಯಾಂಡ್ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಗೆ ಒಂದೇ ಒಂದು ಲೋಗೊ ಕೊಟ್ಟು, ಮೊದಲೇ ಹೇಳಿದ್ದ 1 ಲಕ್ಷ ಡಾಲರ್ ಪಡೆದರು. ಅವರು ಗಂಟೆ ಎಣಿಸಲಿಲ್ಲ.

ಲೋಗೊಗಿಂತ ವೆಬ್‌ಸೈಟಿನ ಕೆಲಸ ದೊಡ್ಡದು, ಆದರೆ ದರದ ಪ್ರಶ್ನೆ ಎರಡಕ್ಕೂ ಒಂದೇ. ಸಕಲೇಶಪುರದ ಕಡೆ ನಾಲ್ಕು ಕೋಣೆಯ ಹೋಂಸ್ಟೇ ಒಂದಕ್ಕೆ ಐದು ಪುಟದ ವೆಬ್‌ಸೈಟ್ ಬೇಕು ಎಂದಿಟ್ಟುಕೊಳ್ಳೋಣ. ಮಾಡುವವರು ಹಾಸನದಲ್ಲಿ ಮನೆಯಿಂದಲೇ ದುಡಿಯುವ ಒಬ್ಬ ಡಿಸೈನರ್. ಫೋನಿನಲ್ಲಿ ಬರುವ ಮೊದಲ ಮಾತೇ, "ಎಷ್ಟಾಗುತ್ತೆ ಹೇಳಿ ಮೇಡಂ."

ಉತ್ತರಿಸುವ ಮೊದಲು ತನ್ನ ಗಂಟೆಯ ಬೆಲೆ ಆಕೆಗೆ ಗೊತ್ತಿರಬೇಕು. ಮನೆ ಖರ್ಚು, ಇಂಟರ್‌ನೆಟ್, ಸಾಫ್ಟ್‌ವೇರ್, ತೆರಿಗೆ ಎಲ್ಲ ಸೇರಿ ತಿಂಗಳಿಗೆ 48,000 ರೂಪಾಯಿ ಬೇಕು. ತಿಂಗಳಿಗೆ 160 ಗಂಟೆ ಕುಳಿತರೂ ಬಿಲ್ ಮಾಡಬಹುದಾದದ್ದು 80 ಗಂಟೆ ಮಾತ್ರ. ಉಳಿದದ್ದು ಫೋನು, ಕೊಟೇಶನ್, ಬಾಕಿ ವಸೂಲಿಗೆ ಹೋಗುತ್ತದೆ. ಹಾಗಾಗಿ ಗಂಟೆಗೆ 600 ರೂಪಾಯಿ ಬೀಳಬೇಕು. ಹೊಸಬರು ಎಡವುವುದು ಇಲ್ಲೇ: 160ರಿಂದ ಭಾಗಿಸಿ 300 ಎಂದುಬಿಡುತ್ತಾರೆ.

ಮಾತುಕತೆಯಿಂದ ಹಿಡಿದು ಕೊನೆಯ ಪರೀಕ್ಷೆಯವರೆಗೆ ಕೆಲಸ ಸುಮಾರು 48 ಗಂಟೆ. ಅಂದರೆ 28,800 ರೂಪಾಯಿ. ಇದು ಆಕೆಯ ತಳಮಟ್ಟ. ಇದಕ್ಕಿಂತ ಕೆಳಗಿಳಿದರೆ ಕೈಯಿಂದ ಹಾಕಿದಂತೆ. ಆದರೆ ಮಾಲೀಕರಿಗೆ "ಗಂಟೆಗೆ 600" ಎಂದರೆ ಬಿಲ್ ಎಲ್ಲಿ ನಿಲ್ಲುತ್ತದೋ ಎಂಬ ಆತಂಕ. ಕೈ ಪಳಗಿ ಅದೇ ಕೆಲಸವನ್ನು 30 ಗಂಟೆಯಲ್ಲಿ ಮುಗಿಸಿದರೆ ಆಕೆಗೇ 10,800 ರೂಪಾಯಿ ಖೋತಾ.

ಇನ್ನು ಕೆಲಸದಿಂದ ಆಗುವ ಲಾಭ ನೋಡಿ ಬೆಲೆ ಹೇಳುವ ಕ್ರಮ. ಇದಕ್ಕೆ ಮಾಲೀಕರನ್ನೇ ಕೇಳಬೇಕು: ಬುಕಿಂಗ್ ತಾಣಗಳಿಗೆ ತಿಂಗಳಿಗೆ ಎಷ್ಟು ಕಮಿಷನ್ ಹೋಗುತ್ತದೆ? ಕೋಣೆ ಬಾಡಿಗೆ 3,000, ಕಮಿಷನ್ ಶೇ 15 ಎಂದಾದರೆ ಒಂದು ಬುಕಿಂಗಿಗೆ 450 ರೂಪಾಯಿ. ಸ್ವಂತ ಸೈಟಿನಿಂದ ತಿಂಗಳಿಗೆ ಹತ್ತು ಬುಕಿಂಗ್ ನೇರವಾಗಿ ಬಂದರೆ ಉಳಿತಾಯ 4,500, ವರ್ಷಕ್ಕೆ 54,000. ಈ ಲೆಕ್ಕದಲ್ಲಿ 60,000 ಕೇಳಿದರೆ ಒಂದು ವರ್ಷ ಕಳೆದರೂ ಅವರ ದುಡ್ಡು ಹುಟ್ಟುವುದಿಲ್ಲ. 35,000 ಆದರೆ ಎಂಟು ತಿಂಗಳಿಗೆ ಹುಟ್ಟುತ್ತದೆ. ಅದೇ ತಿಂಗಳಿಗೆ ಐವತ್ತು ಬುಕಿಂಗ್ ನೇರವಾಗಿ ಬರಬಹುದಾದ ರೆಸಾರ್ಟ್ ಆಗಿದ್ದರೆ ವರ್ಷದ ಉಳಿತಾಯ 2,70,000 ರೂಪಾಯಿ. ಅಲ್ಲಿ ಅದೇ ಸೈಟಿಗೆ 75,000 ಕೇಳುವುದು ನ್ಯಾಯವೇ. ಒಂದು ಎಚ್ಚರಿಕೆ ಮಾತ್ರ ಬೇಕು: ಈ ಅಂಕಿ ಮಾಲೀಕರ ಬಾಯಿಂದಲೇ ಬರಬೇಕು. ಫೋನ್ ಎತ್ತದ, ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ವಿವರವಿಲ್ಲದ ಹೋಂಸ್ಟೇಗೆ ವೆಬ್‌ಸೈಟ್ ಒಂದೇ ಅತಿಥಿಗಳನ್ನು ತರಲಾರದು.

ಹೀಗಾಗಿ ಈ ಹೋಂಸ್ಟೇಗೆ ಒಟ್ಟು 35,000 ಎಂಬ ನಿಗದಿ ಬೆಲೆಯೇ ಸರಿ. 28,800ರ ಮೇಲಿರುವ ಆರು ಸಾವಿರ ಚಿಲ್ಲರೆ ಅಂದಾಜು ತಪ್ಪಿದಾಗ ಆಧಾರ. ಗಂಟೆಯ ಲೆಕ್ಕ ತಳ ತೋರಿಸಿತು, ಲಾಭದ ಲೆಕ್ಕ ಮೇಲಿನ ಮಿತಿ ತೋರಿಸಿತು. ಹೇಳಿದ ಬೆಲೆ ಅವೆರಡರ ನಡುವೆ ನಿಂತಿತು.

ನಿಗದಿ ಬೆಲೆಯ ಶತ್ರು "ಇದೊಂದು ಸೇರಿಸಿಬಿಡಿ" ಎಂಬ ಮಾತು. ಕಾಫಿ ತೋಟದ ಫೋಟೊಗಳಿಗೊಂದು ಪುಟ, ಆಮೇಲೆ ಇಂಗ್ಲಿಷ್ ಜೊತೆ ಕನ್ನಡದಲ್ಲೂ ಎಲ್ಲ ಪುಟ, ಆಮೇಲೆ ಆನ್‌ಲೈನ್ ಪಾವತಿ. 48 ಗಂಟೆ 70 ಆದರೆ ಗಂಟೆಗೆ ಸಿಕ್ಕಿದ್ದು 500 ರೂಪಾಯಿ ಮಾತ್ರ. ಆದ್ದರಿಂದ ಕೊಟೇಶನ್ ಪತ್ರದಲ್ಲಿ ನಾಲ್ಕು ಸಾಲು ಇರಲೇಬೇಕು: ಐದು ಪುಟ, ಎರಡು ಸುತ್ತು ತಿದ್ದುಪಡಿ, ಫೋಟೊ ಮತ್ತು ಬರಹ ಹದಿನಾಲ್ಕು ದಿನದಲ್ಲಿ ಮಾಲೀಕರಿಂದ, ಇದರಾಚೆಗಿನ ಕೆಲಸಕ್ಕೆ ಗಂಟೆಗೆ 600. ಹಣ ಶುರುವಿಗೆ ಶೇ 40, ವಿನ್ಯಾಸ ಒಪ್ಪಿದಾಗ ಶೇ 40, ಸೈಟ್ ತೆರೆಯುವ ಮುನ್ನ ಶೇ 20.

ನಿಗದಿ ಬೆಲೆಯಾದರೂ ಗಂಟೆ ಬರೆದಿಡುವುದನ್ನು ಬಿಡಬಾರದು. 24 ಗಂಟೆ ಮುಗಿದರೂ ಮುಖಪುಟವೇ ಒಪ್ಪಿಗೆಯಾಗಿಲ್ಲವೆಂದರೆ ನಷ್ಟ ಆಗಲೇ ಶುರುವಾಗಿದೆ. ಅಂದೇ ಮಾಲೀಕರ ಜೊತೆ ಮಾತಾಡಬೇಕು.

ಸೈಟ್ ತೆರೆದ ಮೇಲೆ ಸೀಸನ್‌ಗೆ ತಕ್ಕಂತೆ ಬಾಡಿಗೆ ಬದಲಿಸುವುದು, ಹೊಸ ಫೋಟೊ ಹಾಕುವುದು ಇದ್ದೇ ಇರುತ್ತದೆ. ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳಲಾಗದ ಇಂಥ ಬಿಡಿ ಕೆಲಸಕ್ಕೆ ಗಂಟೆಯ ದರವೇ ಇಬ್ಬರಿಗೂ ಸಲೀಸು.