ದೀಪ ಬೆಳಗೋದು, ಪಾತ್ರೆ ಬೆಳಗೋದು: ಒಂದು ಸೇಲ್ ಬೋರ್ಡಿನ ಕಥೆ

ಕಾಲೇಜಿನ ಹತ್ತಿರದ ಒಂದು ಪಾತ್ರೆ ಅಂಗಡಿಯವರು ಕಳೆದ ದೀಪಾವಳಿಗೆ ಮುಂಚೆ ನಮ್ಮ ಸಂಘಕ್ಕೆ ಒಂದು ಕೆಲಸ ಕೊಟ್ಟರು. ಅವರ ಹತ್ತಿರ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು: ‘ಲೈಟ್ ಅಪ್ ಯುವರ್ ದೀಪಾವಳಿ ವಿತ್ ಅನ್‌ಬೀಟಬಲ್ ಡೀಲ್ಸ್’. ಇದನ್ನ ಕನ್ನಡಕ್ಕೂ ಹಿಂದಿಗೂ ಮಾಡಿಕೊಡಬೇಕು. ಐದೇ ನಿಮಿಷದ ಕೆಲಸ ಅಂದ್ಕೊಂಡ್ವಿ.

ಪದಕ್ಕೆ ಪದ ಇಟ್ಟಾಗ ಬಂದದ್ದು ಇದು: ‘ಅಜೇಯ ಒಪ್ಪಂದಗಳೊಂದಿಗೆ ನಿಮ್ಮ ದೀಪಾವಳಿಯನ್ನು ಬೆಳಗಿಸಿ’. ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಒಪ್ಪಂದ ಅಂದ್ರೆ ಎರಡು ದೇಶಗಳ ನಡುವೆ ಆಗೋದು, ಕುಕ್ಕರ್ ಕೊಳ್ಳುವಾಗ ಆಗೋದಲ್ಲ. ಹಿಂದಿಯ ‘ಅಜೇಯ್ ಸೌದೋಂ ಕೇ ಸಾಥ್’ ಕೂಡ ಇದೇ ಗತಿ. ಸಾಲಿನ ಅರ್ಥ ದಾಟಿತು, ಅದು ಮಾಡಬೇಕಿದ್ದ ಕೆಲಸ ದಾಟಲಿಲ್ಲ.

ಆದ್ದರಿಂದ ಮೂಲ ಸಾಲನ್ನು ಬದಿಗಿಟ್ಟು ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿದೆವು. ಮೊದಲನೆಯದು ಯಾವ ಭಾಷೆಯಲ್ಲೂ ಬದಲಾಗಬಾರದ್ದು: ಅಂಗಡಿಯ ಹೆಸರು, ದಿನಾಂಕ, ‘30% ವರೆಗೆ ರಿಯಾಯಿತಿ’. ಎರಡನೆಯದು ಬದಲಾಗಬಹುದಾದ್ದು: ಚಿತ್ರ, ಪ್ರಾಸ, ಪದಗಳು. ಆಮೇಲೆ ಕೇಳಿಕೊಂಡ ಪ್ರಶ್ನೆ ಒಂದೇ: ಬೋರ್ಡ್ ಓದಿದವರಿಗೆ ಹಬ್ಬಕ್ಕೂ ಹೊಸ ಪಾತ್ರೆಗೂ ಇರುವ ನಂಟು ಯಾವುದರಿಂದ ನೆನಪಾಗುತ್ತೆ?

ಕನ್ನಡಕ್ಕೆ ಒಂದು ಭಾರೀ ಐಡಿಯಾ ಹೊಳೆಯಿತು. ನಮ್ಮಲ್ಲಿ ದೀಪವನ್ನೂ ಬೆಳಗುತ್ತೇವೆ, ಪಾತ್ರೆಯನ್ನೂ ಬೆಳಗುತ್ತೇವೆ. ಹಾಗಾಗಿ ‘ದೀಪ ಬೆಳಗೋಣ, ಪಾತ್ರೆ ಬೆಳಗೋಣ’ ಅಂತ ಬರೆದು ನಾವೇ ಚಪ್ಪಾಳೆ ಹೊಡ್ಕೊಂಡ್ವಿ. ಇಂಗ್ಲಿಷ್ ಸಾಲು ತೋರಿಸದೆ ಇದನ್ನು ಹಾಸ್ಟೆಲ್ ಮೆಸ್ಸಿನ ಅಕ್ಕನಿಗೆ ಓದಿ ಹೇಳಿ, “ಇವರು ಏನು ಮಾರ್ತಾರೆ ಹೇಳಿ ಅಕ್ಕಾ” ಅಂದೆವು. “ಪಾತ್ರೆ ತಿಕ್ಕೋ ಪುಡಿ ಅಲ್ವೇನ್ರಪ್ಪಾ?” ಅಂದ್ರು ಅವರು. ಶ್ಲೇಷೆ ಚೆನ್ನಾಗಿತ್ತು, ಆದರೆ ಅದು ಇನ್ನೊಬ್ಬರ ಸರಕು ಮಾರುತ್ತಿತ್ತು. ಹಬ್ಬದ ದಿನ ರಾಶಿ ಪಾತ್ರೆ ತಿಕ್ಕುವ ಕಷ್ಟವನ್ನೂ ನೆನಪಿಸುತ್ತಿತ್ತು.

ಹಾಗಾಗಿ ಪದ ಬಿಟ್ಟು ಆಚರಣೆಯ ಕಡೆ ನೋಡಿದೆವು. ತ್ರಯೋದಶಿಯ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆ ತೊಳೆದು, ಪೂಜೆ ಮಾಡಿ, ಮರುದಿನ ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ ನೀರು ತುಂಬಿಡುತ್ತಾರೆ. ಅದೇ ತ್ರಯೋದಶಿ ಉತ್ತರ ಭಾರತದಲ್ಲಿ ಧನ್‌ತೇರಸ್. ಅವತ್ತು ಹೊಸ ಪಾತ್ರೆಯೋ ಚಿನ್ನ ಬೆಳ್ಳಿಯೋ ಕೊಳ್ಳೋದು ಶುಭ ಅನ್ನೋ ನಂಬಿಕೆ. ಒಂದೇ ತಿಥಿ, ಎರಡು ಕಡೆಯೂ ಪಾತ್ರೆ ಇದೆ. ಆದರೆ ಇಲ್ಲಿ ಅದನ್ನು ತುಂಬುತ್ತಾರೆ, ಅಲ್ಲಿ ಕೊಳ್ಳುತ್ತಾರೆ.

ಕನ್ನಡದ ಸಾಲು ಹೀಗಾಯಿತು: ‘ಹಂಡೆ ತುಂಬ ನೀರು, ಮನೆ ತುಂಬ ಹಬ್ಬ’. ಇದರಲ್ಲಿ ಕೊಳ್ಳಿ ಅನ್ನೋ ಮಾತಿಲ್ಲ. ಅದಕ್ಕೇ ಕೆಳಗೆ ‘ಹೊಸ ಪಾತ್ರೆಗಳಿಗೆ 30% ವರೆಗೆ ರಿಯಾಯಿತಿ’ ಅಂತ ನೇರವಾಗಿ ಹಾಕಿದೆವು. ಹಿಂದಿಗೆ ‘ನಯಾ ಬರ್ತನ್ ಆಯೇ, ಬರ್ಕತ್ ಸಾಥ್ ಲಾಯೇ’, ಅಂದರೆ ಹೊಸ ಪಾತ್ರೆ ಬರಲಿ, ಜೊತೆಗೆ ಸಮೃದ್ಧಿ ತರಲಿ. ಅಲ್ಲಿ ಕೊಳ್ಳೋದೇ ಆಚರಣೆ, ಹಾಗಾಗಿ ಸಾಲೇ ಕೆಲಸ ಮಾಡುತ್ತೆ. ಇಂಗ್ಲಿಷ್ ಓದುವವರು ಎಲ್ಲ ಊರಿನವರು. ಹಂಡೆ, ಧನ್‌ತೇರಸ್ ಎರಡೂ ಎಲ್ಲರಿಗೂ ಗೊತ್ತಿರಲ್ಲ, ದೀಪ ಗೊತ್ತು. ಅಲ್ಲಿ ‘ದಿಸ್ ದೀಪಾವಳಿ, ಲೆಟ್ ದ ಕಿಚನ್ ಶೈನ್ ಟೂ’ ಸಾಕಾಯಿತು. ಕನ್ನಡದಲ್ಲಿ ಕೈಕೊಟ್ಟ ಹೊಳಪಿನ ಐಡಿಯಾ ಇಲ್ಲಿ ಉಳಿಯಿತು, ಯಾಕಂದ್ರೆ ‘ಶೈನ್’ ಅಂದಾಗ ತಿಕ್ಕೋದು ನೆನಪಾಗಲ್ಲ.

ಅಂಗಡಿಯವರಿಗೆ ಹಿಂದಿ ಅಷ್ಟು ಬರಲ್ಲ. ತನಗೆ ತಿಳಿಯದ ಸಾಲಿಗೆ ದುಡ್ಡು ಕೊಡಿ ಅನ್ನೋದು ತಪ್ಪು. ಹಾಗಾಗಿ ಪ್ರತಿ ಸಾಲಿನ ಕೆಳಗೆ ಅದರ ನೇರ ಅರ್ಥ, ಮೂಲದಿಂದ ಏನು ಬಿಟ್ಟೆವು, ಯಾಕೆ ಬಿಟ್ಟೆವು ಅಂತ ಎರಡು ಸಾಲು ಬರೆದು ಕೊಟ್ಟೆವು. ಅದನ್ನು ಓದಿಯೇ ಅವರು ಒಂದು ಪ್ರಶ್ನೆ ಕೇಳಿದರು: “ಧನ್‌ತೇರಸ್ ಮುಗಿದ ಮೇಲೆ ಈ ಬೋರ್ಡ್ ಏನ್ ಮಾಡ್ಲಿ?” ಸರಿಯಾದ ಪ್ರಶ್ನೆ. ಆಚರಣೆಗೆ ಕಟ್ಟಿದ ಸಾಲು ಆ ದಿನ ದಾಟಿದರೆ ಹಳಸುತ್ತೆ. ಸೇಲ್ ಬಲಿಪಾಡ್ಯಮಿವರೆಗೆ ಇದ್ದದ್ದರಿಂದ ಕೊನೆಯ ದಿನಗಳಿಗೆ ಬೇರೆ ಸಾಲು ಬರೆಯಬೇಕಾಯಿತು.

ಪ್ರಿಂಟಿಗೆ ಹೋಗುವ ಹಿಂದಿನ ರಾತ್ರಿ ಇನ್ನೊಂದು ಎಡವಟ್ಟು ಸಿಕ್ಕಿತು. ಡಿಸೈನ್ ಮಾಡಿದ ನಮ್ಮವನೇ ‘30%’ ದೊಡ್ಡದು ಮಾಡಿ ‘ವರೆಗೆ’ಯನ್ನು ಮೂಲೆಗೆ ಚಿಕ್ಕದಾಗಿ ತಳ್ಳಿದ್ದ. ಇಂಗ್ಲಿಷಿನಲ್ಲಿ ‘ಅಪ್ ಟು’ ಅಂಕಿಗಿಂತ ಮೊದಲೇ ಕಣ್ಣಿಗೆ ಬೀಳುತ್ತೆ. ಕನ್ನಡದಲ್ಲಿ ‘ವರೆಗೆ’ ಆಮೇಲೆ ಬರೋದರಿಂದ ಸುಲಭವಾಗಿ ಕಳೆದುಹೋಗುತ್ತೆ. ಹಾಗಾದರೆ ಕನ್ನಡ ಓದುವವರಿಗೆ ಮಾತ್ರ ಎಲ್ಲದಕ್ಕೂ 30% ಅಂತ ಸುಳ್ಳು ಹೇಳಿದಂತೆ. ದಾರಿ ತಪ್ಪಿಸುವ ಜಾಹೀರಾತಿನ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕ್ರಮವೂ ಆಗಬಹುದು. ‘ವರೆಗೆ’ಯನ್ನು ಅಂಕಿಯ ಪಕ್ಕದಲ್ಲೇ ಅಷ್ಟೇ ದಪ್ಪ ಅಕ್ಷರದಲ್ಲಿ ಕೂರಿಸಿದ ಮೇಲೇ ಫೈಲ್ ಕಳಿಸಿದೆವು.

ಬೋರ್ಡ್ ಬಂದ ದಿನ ಮೆಸ್ಸಿನ ಅಕ್ಕನಿಗೆ ಫೋಟೋ ತೋರಿಸಿದೆವು. “ಓ, ನೀರು ತುಂಬೋ ಹಬ್ಬಕ್ಕಾ? ಹಂಡೆ ಎಷ್ಟಂತೆ?” ಅಂದ್ರು.