21 ನಡೆಗಳಲ್ಲಿ ಒಂದೇ ಸರಿ

ಬೆಂಕಿಕಡ್ಡಿಗಳನ್ನು ಮೂರು ಗುಡ್ಡೆ ಮಾಡಿ. ಒಂದರಲ್ಲಿ 5, ಇನ್ನೊಂದರಲ್ಲಿ 7, ಮತ್ತೊಂದರಲ್ಲಿ 9. ಆಡುವವರು ಇಬ್ಬರು. ಸರದಿ ಬಂದವರು ಯಾವುದಾದರೂ ಒಂದು ಗುಡ್ಡೆಯಿಂದ ಮಾತ್ರ ಕಡ್ಡಿ ಎತ್ತಬೇಕು. ಎಷ್ಟು ಬೇಕಾದರೂ ಎತ್ತಬಹುದು, ಇಡೀ ಗುಡ್ಡೆಯನ್ನೇ ಬಾಚಿಕೊಳ್ಳಬಹುದು; ಆದರೆ ಒಂದನ್ನಾದರೂ ಎತ್ತಲೇಬೇಕು. ಕೊನೆಯ ಕಡ್ಡಿ ಎತ್ತಿದವರಿಗೆ ಗೆಲುವು. ಇದೇ ‘ನಿಮ್’ ಆಟ.

ಮೊದಲ ಸರದಿ ನಿಮ್ಮದು ಎಂದುಕೊಳ್ಳಿ. ನೀವು ಆಡಬಹುದಾದ ನಡೆಗಳು ಒಟ್ಟು 21. ಎದುರಿಗೆ ಕೂತವರು ಆಟದ ಗುಟ್ಟು ಬಲ್ಲವರಾದರೆ ಅವುಗಳಲ್ಲಿ 20 ನಿಮ್ಮನ್ನು ಸೋಲಿಸುತ್ತವೆ. ಒಂದೇ ಒಂದು ಗೆಲ್ಲಿಸುತ್ತದೆ: 9ರ ಗುಡ್ಡೆಯಿಂದ 7 ಕಡ್ಡಿ ಎತ್ತಿ 2 ಉಳಿಸುವುದು. ಆ ಒಂದನ್ನು ಹುಡುಕುವ ದಾರಿಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಗಣಿತಜ್ಞ ಚಾರ್ಲ್ಸ್ ಬೌಟನ್ 1901ರಲ್ಲಿ ತೋರಿಸಿಕೊಟ್ಟರು. ಆಟಕ್ಕೆ ನಿಮ್ ಎಂಬ ಹೆಸರಿಟ್ಟವರೂ ಅವರೇ.

ನಾವು ದಿನವೂ ಬಳಸುವ ಸಂಖ್ಯೆಗಳಲ್ಲಿ ಬಿಡಿ, ಹತ್ತು, ನೂರು ಎಂಬ ಸ್ಥಾನಗಳಿವೆ. ಪ್ರತಿ ಸ್ಥಾನವೂ ತನ್ನ ಬಲಗಡೆಯದಕ್ಕಿಂತ ಹತ್ತು ಪಟ್ಟು. ದ್ವಿಮಾನ ಪದ್ಧತಿಯಲ್ಲಿ ಪ್ರತಿ ಸ್ಥಾನ ಎರಡು ಪಟ್ಟು ಮಾತ್ರ: 1, 2, 4, 8. ಪ್ರತಿ ಸ್ಥಾನದಲ್ಲೂ ಇರುವುದು 0 ಅಥವಾ 1. ಐದು ಎಂದರೆ ಒಂದು ನಾಲ್ಕು ಮತ್ತು ಒಂದು ಒಂದು. ಒಂಬತ್ತು ಎಂದರೆ ಒಂದು ಎಂಟು ಮತ್ತು ಒಂದು ಒಂದು. ನಮ್ಮ ಮೂರು ಗುಡ್ಡೆಗಳನ್ನು ಹೀಗೆ ಒಂದರ ಕೆಳಗೊಂದು ಬರೆಯೋಣ:

```
5 = 0101
7 = 0111
9 = 1001
```

ಈಗ ಮೇಲಿನಿಂದ ಕೆಳಕ್ಕೆ, ಪ್ರತಿ ಸ್ಥಾನದಲ್ಲಿ ಎಷ್ಟು 1 ಇವೆ ಎಂದು ಎಣಿಸಿ. ಎಂಟರ ಸ್ಥಾನದಲ್ಲಿ ಒಂದು, ನಾಲ್ಕರಲ್ಲಿ ಎರಡು, ಎರಡರಲ್ಲಿ ಒಂದು, ಒಂದರ ಸ್ಥಾನದಲ್ಲಿ ಮೂರು. ಸಾಮಾನ್ಯ ಸಂಕಲನದಂತೆ ದಶಕ ಮುಂದೊಯ್ಯುವ ಹಾಗಿಲ್ಲ. ಪ್ರತಿ ಸ್ಥಾನದ ಲೆಕ್ಕ ಬೇರೆಯೇ. ನಮಗೆ ಬೇಕಾದದ್ದು ಅದು ಸಮವೋ ಬೆಸವೋ ಎಂಬುದಷ್ಟೆ. ಎಲ್ಲ ಸ್ಥಾನಗಳೂ ಸಮವಾಗಿದ್ದರೆ ಅದನ್ನು ಬೌಟನ್ ‘ಸುರಕ್ಷಿತ’ ಸ್ಥಿತಿ ಎಂದು ಕರೆದರು. ಎದುರಾಳಿಗೆ ಅಂಥ ಸ್ಥಿತಿ ಬಿಟ್ಟುಕೊಟ್ಟವರು ಗೆಲ್ಲುತ್ತಾರೆ. ಇಲ್ಲಿ ಎಂಟು, ಎರಡು, ಒಂದು ಈ ಮೂರೂ ಸ್ಥಾನಗಳು ಬೆಸ. ಆದ್ದರಿಂದ ಸರದಿ ಇರುವ ನಿಮಗೆ ಗೆಲುವು ಸಾಧ್ಯ.

ನಡೆ ಕಂಡುಹಿಡಿಯುವುದು ಹೀಗೆ. ಬೆಸ ಇರುವ ಸ್ಥಾನಗಳಲ್ಲಿ ಅತಿ ದೊಡ್ಡದನ್ನು ನೋಡಿ, ಇಲ್ಲಿ ಎಂಟು. ಆ ಸ್ಥಾನದಲ್ಲಿ 1 ಇರುವ ಗುಡ್ಡೆಯನ್ನು ಹಿಡಿಯಿರಿ. ಇರುವುದು 9 ಮಾತ್ರ. ಬೆಸವಾದ ಪ್ರತಿ ಸ್ಥಾನದಲ್ಲೂ ಆ ಗುಡ್ಡೆಯ ಅಂಕಿಯನ್ನು ತಿರುಗಿಸಿ, 1 ಇದ್ದಲ್ಲಿ 0, 0 ಇದ್ದಲ್ಲಿ 1. 1001 ಈಗ 0010 ಆಯಿತು, ಅಂದರೆ 2. ಹಾಗಾಗಿ 9ನ್ನು 2ಕ್ಕೆ ಇಳಿಸಬೇಕು. ಇದೇ ತಿರುಗಿಸುವಿಕೆಯನ್ನು 5ರ ಗುಡ್ಡೆಯ ಮೇಲೆ ಮಾಡಿದರೆ 14 ಬರುತ್ತದೆ, 7ರ ಮೇಲೆ ಮಾಡಿದರೆ 12. ಗುಡ್ಡೆ ದೊಡ್ಡದಾಗಲು ಆಟದಲ್ಲಿ ಅವಕಾಶವೇ ಇಲ್ಲ. ಉಳಿದ 20 ನಡೆಗಳು ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ಇದು ಪ್ರತಿ ಸಲವೂ ಫಲಿಸುತ್ತದೆಯೇ? ಬೌಟನ್ ಕೊಟ್ಟ ಸಾಧನೆಯನ್ನು ಹೈಸ್ಕೂಲಿನ ಹುಡುಗರೂ ಹಿಡಿಯಬಲ್ಲರು. ನಾನು ಈ ಆಟವನ್ನು ಮೆಚ್ಚುವುದೂ ಅದಕ್ಕೇ. ಎಲ್ಲ ಸ್ಥಾನಗಳೂ ಸಮವಾಗಿರುವಾಗ ಸರದಿ ಬಂದವರು ಏನೇ ಎತ್ತಿದರೂ ಬದಲಾಗುವುದು ಒಂದೇ ಗುಡ್ಡೆ. ಸಂಖ್ಯೆ ಬದಲಾದ ಮೇಲೆ ಅದರ ಒಂದಾದರೂ ಅಂಕಿ ಬದಲಾಗಲೇಬೇಕು. ಆ ಸ್ಥಾನದ ಎಣಿಕೆ ಒಂದರಷ್ಟು ಹೆಚ್ಚೋ ಕಡಿಮೆಯೋ ಆಗಿ ಬೆಸವಾಗುತ್ತದೆ. ಅದನ್ನು ಸರಿದೂಗಿಸಲು ಇನ್ನೊಂದು ಗುಡ್ಡೆಯನ್ನು ಮುಟ್ಟುವಂತಿಲ್ಲ. ಹಾಗಾಗಿ ಸುರಕ್ಷಿತ ಸ್ಥಿತಿಯನ್ನು ಪಡೆದವರು ತಿರುಗಿ ಸುರಕ್ಷಿತ ಸ್ಥಿತಿಯನ್ನು ಕೊಡಲಾರರು. ಬೆಸ ಸ್ಥಿತಿ ಕೈಗೆ ಬಂದವರಿಗಾದರೋ ಸರಿಪಡಿಸುವ ನಡೆ ಇದ್ದೇ ಇರುತ್ತದೆ. ಅತಿ ದೊಡ್ಡ ಬೆಸ ಸ್ಥಾನದಲ್ಲಿ ಕನಿಷ್ಠ ಒಂದು ಗುಡ್ಡೆಗೆ 1 ಇರುತ್ತದೆ. ಅದನ್ನು 0 ಮಾಡಿದರೆ ಗುಡ್ಡೆ, ಹೇಳೋಣ, 8ರಷ್ಟು ಇಳಿಯಿತು. ಅದರ ಬಲಗಡೆಯ ಸ್ಥಾನಗಳಿಗೆಲ್ಲ 1 ಸೇರಿಸಿದರೂ 4, 2, 1 ಕೂಡಿ ಬರುವುದು 7. ಅಂತೂ ಹೊಸ ಸಂಖ್ಯೆ ಹಳೆಯದಕ್ಕಿಂತ ಚಿಕ್ಕದೇ. ಕಡ್ಡಿಗಳೆಲ್ಲ ಮುಗಿದ ಸ್ಥಿತಿಯಲ್ಲಿ ಎಲ್ಲ ಸ್ಥಾನಗಳೂ ಸೊನ್ನೆ, ಎಲ್ಲವೂ ಸಮ. ಅದನ್ನು ಮುಟ್ಟಿಸುವ ಕೈ ನಿಮ್ಮದೇ ಆಗಿರುತ್ತದೆ.

ನಮ್ಮ ಆಟವನ್ನು ಮುಂದುವರಿಸೋಣ. ಈಗ ಉಳಿದದ್ದು 5, 7, 2. ಎದುರಾಳಿ 7ರಿಂದ 3 ಎತ್ತಿ 5, 4, 2 ಮಾಡಿದರು. ಇಷ್ಟು ಹೊತ್ತಿಗೆ ಕಾಗದವೂ ಬೇಡ. ಪ್ರತಿ ಗುಡ್ಡೆಯನ್ನು ಮನಸ್ಸಿನಲ್ಲೇ 4, 2, 1 ಎಂದು ಬಿಡಿಸಿ ಜೋಡಿ ನೋಡಿದರಾಯಿತು. 5ರ ಒಳಗಿನ ನಾಲ್ಕಕ್ಕೆ 4ರ ಗುಡ್ಡೆ ಜೋಡಿ. 5ರ ಒಳಗಿನ ಒಂದು ಒಂಟಿ, 2ರ ಗುಡ್ಡೆಯೂ ಒಂಟಿ. 2ನ್ನು 1 ಮಾಡಿದರೆ ಆ ಒಂದಕ್ಕೂ ಜೋಡಿ ಸಿಕ್ಕಿತು: 5, 4, 1. ಎದುರಾಳಿ 4ರ ಗುಡ್ಡೆಯನ್ನು ಪೂರ್ತಿ ಎತ್ತಿದರು. ಉಳಿದದ್ದು 5, 1. ನೀವು 5ರಿಂದ 4 ಎತ್ತಿ 1, 1 ಬಿಡುತ್ತೀರಿ. ಅವರು ಒಂದು, ನೀವು ಕೊನೆಯದು.

ಒಟ್ಟು ಕಡ್ಡಿ ಸಮಸಂಖ್ಯೆಯಲ್ಲಿದ್ದರೆ ಸಾಕು ಎಂದು ಹಲವರು ಭ್ರಮಿಸುತ್ತಾರೆ. ಸುರಕ್ಷಿತ ಸ್ಥಿತಿಯಲ್ಲಿ ಒಟ್ಟು ಸಮವೇ ಆಗಿರುತ್ತದೆ, ನಿಜ. ಆದರೆ 2, 2, 4ರ ಒಟ್ಟು 8; ಅದು ಸುರಕ್ಷಿತವಲ್ಲ. 4ನ್ನು ಪೂರ್ತಿ ಎತ್ತಿ 2, 2 ಉಳಿಸಿದವರು ಗೆಲ್ಲುತ್ತಾರೆ. ನಿಮ್ಮ ಲೆಕ್ಕದಲ್ಲಿ ಒಟ್ಟು ಬೆಸ ಬಂದರೆ ಎಲ್ಲೋ ತಪ್ಪಿದ್ದೀರಿ ಎಂದು ತಿಳಿಯಲು ಮಾತ್ರ ಈ ಒಟ್ಟು ಉಪಯೋಗಕ್ಕೆ ಬರುತ್ತದೆ.

ಕೊನೆಯ ಕಡ್ಡಿ ಎತ್ತಿದವರು ಸೋತರು ಎಂಬ ನಿಯಮದಲ್ಲೂ ಈ ಆಟ ನಡೆಯುತ್ತದೆ. ಎಲ್ಲವನ್ನೂ ತಲೆಕೆಳಗು ಮಾಡಬೇಕೇನೋ ಎನಿಸಬಹುದು, ಬೇಕಿಲ್ಲ. ಮೊದಲಿನಂತೆಯೇ ಆಡುತ್ತ ಬನ್ನಿ. 2 ಅಥವಾ ಹೆಚ್ಚು ಕಡ್ಡಿಗಳ ಗುಡ್ಡೆ ಒಂದೇ ಉಳಿದಾಗ ಮಾತ್ರ ದಾರಿ ಬದಲಿಸಿ, ಒಂಟಿ ಕಡ್ಡಿಗಳ ಗುಡ್ಡೆಗಳು ಬೆಸಸಂಖ್ಯೆಯಲ್ಲಿ ಉಳಿಯುವಂತೆ ಎತ್ತಿ. ಮೇಲಿನ ಆಟದಲ್ಲಿ 5, 1 ಬಂದಾಗ 5ನ್ನು ಪೂರ್ತಿ ಎತ್ತಿದರೆ ಆ ಕೊನೆಯ ಕಡ್ಡಿ ಎದುರಾಳಿಯ ಪಾಲು. ಈ ಘಳಿಗೆ ಬರುವುದು ಸದಾ ನಿಮ್ಮ ಸರದಿಯಲ್ಲೇ. ಒಂದೇ ದೊಡ್ಡ ಗುಡ್ಡೆ ಇರುವಾಗ ಅದರ ದೊಡ್ಡ ಅಂಕಿಗೆ ಜೋಡಿ ಇರುವುದಿಲ್ಲ. ಅಂಥ ಸ್ಥಿತಿಯನ್ನು ಸರಿಯಾಗಿ ಆಡುವವರು ಬಿಟ್ಟುಕೊಡುವುದೇ ಇಲ್ಲ.

1961ರ ಫ್ರೆಂಚ್ ಚಿತ್ರ ‘ಲಾಸ್ಟ್ ಇಯರ್ ಅಟ್ ಮರಿಯನ್‌ಬಾಡ್’ನಲ್ಲಿ ಒಬ್ಬ ಈ ನಿಯಮದಲ್ಲಿ 1, 3, 5, 7ರ ಸಾಲುಗಳನ್ನಿಟ್ಟು ಎಲ್ಲರನ್ನೂ ಸೋಲಿಸುತ್ತಾನೆ. ಆ ಸಾಲುಗಳನ್ನು ಬಿಡಿಸಿ ನೋಡಿ: ನಾಲ್ಕು ಎರಡು ಸಲ, ಎರಡು ಎರಡು ಸಲ, ಒಂದು ನಾಲ್ಕು ಸಲ. ಎಲ್ಲವೂ ಸಮ. ಆಟ ಶುರುವಾಗುವ ಮೊದಲೇ ಗೆಲುವು ಎರಡನೆಯವರದ್ದು. ಆದರೂ ಮೊದಲು ಆಡಬೇಕಾಗಿ ಬಂದು, ಎದುರಿನವರಿಗೆ ಗುಟ್ಟು ಗೊತ್ತಿಲ್ಲವೆನಿಸಿದರೆ, ಒಂದು ಕಡ್ಡಿ ಮಾತ್ರ ಎತ್ತಿ ಕಾಯುವುದು ಒಳ್ಳೆಯದಲ್ಲ. ಹಾಗೆ ಮಾಡಿದರೆ ಒಂದರ ಸ್ಥಾನ ಮಾತ್ರ ಕೆಡುತ್ತದೆ. ಉಳಿದ ಮೂರು ಸಾಲುಗಳಲ್ಲಿ ಯಾವುದರಿಂದ ಬೇಕಾದರೂ ಒಂದು ಎತ್ತಿ ಅವರು ಅದನ್ನು ಸರಿಪಡಿಸಬಹುದು. 7ರಿಂದ 2 ಎತ್ತಿ 1, 3, 5, 5 ಉಳಿಸಿ. ಅವರ ಮುಂದೆ 14 ನಡೆಗಳಿರುತ್ತವೆ. ನಿಮ್ಮನ್ನು ಸೋಲಿಸುವುದು 3ನ್ನು 1ಕ್ಕೆ ಇಳಿಸುವ ನಡೆ ಒಂದೇ.