ತಲೆ ತೆಗೆದಾಗ ಉಳಿಯುವ ಪ್ರಶ್ನೆ

‘ಸ್ತ್ರೀ’ ಎಂದು ಬರೆದರೆ ನಮ್ಮ ಕಣ್ಣಿಗೆ ಕಾಣುವುದು ಒಂದೇ ಅಕ್ಷರ. ಕಂಪ್ಯೂಟರ್ ಮಾತ್ರ ಅದನ್ನು ಆರು ಸಂಕೇತಗಳ ಸಾಲಾಗಿ ಇಟ್ಟುಕೊಂಡಿರುತ್ತದೆ: ಸ, ಹಲಂತ, ತ, ಹಲಂತ, ರ, ಕೊನೆಗೆ ದೀರ್ಘ ‘ಈ’ಕಾರದ ಗುರುತು. ಈ ಸಾಲು ಸರಿಯಾದ ಒಂದು ಅಕ್ಷರವೇ, ಅಥವಾ ಯಾರೋ ಕೀಲಿಮಣೆಯ ಮೇಲೆ ಬೆರಳು ಜಾರಿಸಿದ್ದೇ ಎಂದು ತಂತ್ರಾಂಶ ಹೇಗೆ ತೀರ್ಮಾನಿಸಬೇಕು?

ಮೊದಲು ನಿಯಮ ಬೇಕು. ವ್ಯಂಜನಕ್ಕೆ ‘ವ’, ಹಲಂತಕ್ಕೆ ‘ಹ’, ಗುಣಿತದ ಗುರುತಿಗೆ ‘ಗ’ ಎಂದು ಚುಟುಕು ಹೆಸರು ಕೊಡೋಣ. ಸ್ವರಗಳನ್ನೂ ಅನುಸ್ವಾರ, ವಿಸರ್ಗಗಳನ್ನೂ ಸದ್ಯಕ್ಕೆ ಬದಿಗಿಡೋಣ. ಒಂದು ವ್ಯಂಜನ, ಅದರ ಹಿಂದೆ ‘ಹಲಂತ, ವ್ಯಂಜನ’ ಎಂಬ ಜೋಡಿ ಎಷ್ಟು ಸಲವಾದರೂ, ಇಲ್ಲದಿದ್ದರೂ ಸರಿ, ಕೊನೆಗೆ ಗುಣಿತದ ಗುರುತು, ಇಲ್ಲವೇ ಹಲಂತ, ಇಲ್ಲವೇ ಏನೂ ಬೇಡ. ಇದನ್ನು ಹೀಗೆ ಬರೆಯಬಹುದು:

```
ವ(ಹವ)*(ಗ|ಹ|ε)
```

ನಕ್ಷತ್ರವೆಂದರೆ ‘ಎಷ್ಟು ಸಲವಾದರೂ’, ನಿಂತ ಗೆರೆಯೆಂದರೆ ‘ಅಥವಾ’, ε ಎಂದರೆ ಖಾಲಿ ಸಾಲು. ಇಂಥ ಬರಹಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎನ್ನುತ್ತಾರೆ.

ಒಂದು ಸಾಲು ಈ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡಲು 1964ರಲ್ಲಿ ಯಾನುಶ್ ಬ್ಝೊಝೊಫ್‌ಸ್ಕಿ ಎಂಬ ಪೋಲೆಂಡ್ ಮೂಲದ ಕೆನಡಾ ವಿಜ್ಞಾನಿ ಒಂದು ಸರಳ ದಾರಿ ತೋರಿಸಿದರು. ಸಾಲಿನ ಮೊದಲ ಸಂಕೇತವನ್ನು ಕಿತ್ತುಹಾಕಿ. ಈಗ ಕೇಳಿಕೊಳ್ಳಿ: ಹೋದದ್ದು ಹೋಯಿತು, ಉಳಿದ ಸಾಲು ಹೇಗಿದ್ದರೆ ಮೊದಲಿನ ನಿಯಮಕ್ಕೆ ಒಪ್ಪಿಗೆ? ಆ ಉತ್ತರವೂ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ನೇ ಆಗಿರುತ್ತದೆ. ಅದೇ ‘ಡೆರಿವೇಟಿವ್’. ಸಾಲು ಮುಗಿಯುವವರೆಗೆ ಹೀಗೆ ಒಂದೊಂದೇ ತಲೆ ತೆಗೆಯುತ್ತಾ ಹೋಗಿ, ಕೊನೆಗೆ ಕೈಯಲ್ಲಿ ಉಳಿದ ಪ್ರಶ್ನೆಗೆ ಖಾಲಿ ಸಾಲು ಸಾಕೇ ಎಂದು ನೋಡಿದರೆ ಆಯಿತು. ಸಾಕಾದರೆ ಹೊಂದುತ್ತದೆ, ಸಾಲದಿದ್ದರೆ ಇಲ್ಲ.

ನಮ್ಮ ನಿಯಮದ ಮೇಲೆ ಮಾಡಿ ನೋಡೋಣ. ಮೇಲಿನದು ಪ್ರಶ್ನೆ 1. ‘ಸ್ತ್ರೀ’ಯ ಮೊದಲ ಸಂಕೇತ ಸ, ಅಂದರೆ ವ್ಯಂಜನ. ನಿಯಮ ಕೇಳಿದ್ದೂ ವ್ಯಂಜನವನ್ನೇ. ಅದು ಸಂದಾಯವಾಯಿತು, ಬಾಕಿ ಉಳಿದದ್ದು (ಹವ)*(ಗ|ಹ|ε). ಇದು ಪ್ರಶ್ನೆ 2.

ಮುಂದಿನದು ಹಲಂತ. ಕೈ ತಪ್ಪುವುದು ಇಲ್ಲೇ. ಈ ಹಲಂತ ‘ಹವ’ ಜೋಡಿಯ ಮೊದಲರ್ಧ ಇರಬಹುದು. ಹಾಗಿದ್ದರೆ ಇನ್ನೊಂದು ವ್ಯಂಜನ ಬರಬೇಕು, ಆಮೇಲೆ ಪ್ರಶ್ನೆ 2 ಮತ್ತೆ ಶುರು. ಅಥವಾ ಜೋಡಿಯೇ ಇಲ್ಲದೆ, ಇದು ‘ಬಸ್’ ಪದದ ಕೊನೆಯ ‘ಸ್’ನಲ್ಲಿರುವಂಥ ಅಂತಿಮ ಹಲಂತವೂ ಆಗಿರಬಹುದು, ಹಾಗಿದ್ದರೆ ಮುಂದೇನೂ ಬೇಡ. ಯಾವುದು ನಿಜವೆಂದು ಈಗಲೇ ಗೊತ್ತಿಲ್ಲ. ಹಾಗಾಗಿ ಎರಡನ್ನೂ ‘ಅಥವಾ’ದಿಂದ ಜೋಡಿಸಿ ಜೊತೆಯಲ್ಲೇ ಒಯ್ಯುತ್ತೇವೆ. ಅದು ಪ್ರಶ್ನೆ 3.

```
ಪ್ರಶ್ನೆ 1:  ವ(ಹವ)*(ಗ|ಹ|ε)
ಪ್ರಶ್ನೆ 2:  (ಹವ)*(ಗ|ಹ|ε)
ಪ್ರಶ್ನೆ 3:  ವ(ಹವ)*(ಗ|ಹ|ε) | ε
ಪ್ರಶ್ನೆ 4:  ε
```

ಮೂರನೆಯ ಸಂಕೇತ ತ. ಪ್ರಶ್ನೆ 3ರಿಂದ ವ್ಯಂಜನವೊಂದನ್ನು ತೆಗೆದರೆ ಸಿಗುವುದು ಮತ್ತೆ ಪ್ರಶ್ನೆ 2. ಆಮೇಲಿನ ಹಲಂತ ಪ್ರಶ್ನೆ 3ಕ್ಕೆ ತರುತ್ತದೆ, ರ ಪ್ರಶ್ನೆ 2ಕ್ಕೆ ಮರಳಿಸುತ್ತದೆ. ಕೊನೆಯ ಈಕಾರದ ಗುರುತನ್ನೂ ತೆಗೆದಾಗ ಉಳಿಯುವುದು ಪ್ರಶ್ನೆ 4, ಬರೀ ε. ಸಾಲು ಮುಗಿದಿದೆ, ಪ್ರಶ್ನೆಗೂ ಖಾಲಿ ಸಾಕು. ‘ಸ್ತ್ರೀ’ ಪಾಸು.

ಬೆರಳು ಜಾರಿ ‘ಸ’ದ ಮುಂದೆ ಎರಡು ಹಲಂತ ಬಿದ್ದಿದ್ದರೆ? ಪ್ರಶ್ನೆ 3ರಲ್ಲಿ ಹಲಂತದಿಂದ ಶುರುವಾಗುವ ದಾರಿಯೇ ಇಲ್ಲ. ಉಳಿಯುವುದು ∅, ಯಾವ ಸಾಲೂ ತೃಪ್ತಿಪಡಿಸಲಾಗದ ಪ್ರಶ್ನೆ. ಇದು ε ಅಲ್ಲ. ε ಎಂದರೆ ಲೆಕ್ಕ ಚುಕ್ತಾ, ಬಾಕಿ ಸೊನ್ನೆ. ∅ ಎಂದರೆ ಏನು ಕೊಟ್ಟರೂ ತೀರದ ಬಾಕಿ. ಅದು ಬಂದ ಕ್ಷಣವೇ ನಿಲ್ಲಿಸಬಹುದು, ತಪ್ಪು ಮೂರನೆಯ ಸಂಕೇತದಲ್ಲೇ ಇದೆ ಎಂದು ಬೆರಳಿಟ್ಟು ತೋರಿಸಲೂಬಹುದು.

ಈ ಎರಡು ದಾರಿಗಳ ಸಂಗತಿಯೇ ವಿಧಾನದ ಮುಖ್ಯ ಸೂತ್ರ. ಒಂದರ ಹಿಂದೊಂದು ನಿಂತ ಎರಡು ಭಾಗಗಳಿದ್ದರೆ ತಲೆಯನ್ನು ಮೊದಲ ಭಾಗದಿಂದ ತೆಗೆಯಬೇಕು. ಮೊದಲ ಭಾಗ ಖಾಲಿಯಾಗಿಯೂ ಇರಬಹುದಾದರೆ ಎರಡನೆಯದರಿಂದಲೂ ತೆಗೆದು, ಎರಡು ಫಲಗಳನ್ನು ‘ಅಥವಾ’ದಿಂದ ಕೂಡಿಸಬೇಕು. ಕಲನಶಾಸ್ತ್ರದಲ್ಲಿ ಗುಣಲಬ್ಧದ ಡೆರಿವೇಟಿವ್ ಕಲಿತವರಿಗೆ ಇದು ಪರಿಚಿತ ಮುಖದಂತೆ ಕಂಡೀತು. ಪ್ರೋಗ್ರಾಂ ಬರೆಯುವವರು ಮರೆಯುವುದು ಈ ಎರಡನೆಯ ಹೆಜ್ಜೆಯನ್ನೇ. ಮರೆತರೆ ನಮ್ಮ ಪರೀಕ್ಷೆಯಲ್ಲಿ ‘ಕ’ ಮತ್ತು ‘ಕ್ಕ’ ಪಾಸಾಗುತ್ತವೆ, ‘ಕಾ’ ಮತ್ತು ‘ಕ್’ ಫೇಲಾಗುತ್ತವೆ. ಈ ನಾಲ್ಕನ್ನು ಓಡಿಸಿ ನೋಡಿದರೆ ದೋಷ ಸಿಕ್ಕಿಬೀಳುತ್ತದೆ.

ನಮ್ಮ ಸಾಲಿನಲ್ಲಿ ಆರು ಸಂಕೇತಗಳಿದ್ದರೂ ಪ್ರಶ್ನೆಗಳು ಮಾತ್ರ ತಿರುಗಿ ತಿರುಗಿ ಅವೇ ಬಂದವು. ∅ ಸೇರಿಸಿದರೂ ಒಟ್ಟು ಐದೇ. ಇದು ಆಕಸ್ಮಿಕವಲ್ಲ. ಯಾವುದೇ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ ಹುಟ್ಟುವ ಬೇರೆ ಬೇರೆ ಪ್ರಶ್ನೆಗಳ ಸಂಖ್ಯೆ ಸೀಮಿತವೇ ಎಂದು ಬ್ಝೊಝೊಫ್‌ಸ್ಕಿ ಸಾಧಿಸಿದರು. ಆದರೆ ಒಂದು ಷರತ್ತಿದೆ. ‘ಅಥವಾ’ದ ಎರಡೂ ಕಡೆ ಒಂದೇ ಮಾತಿದ್ದರೆ ಒಂದನ್ನು ಅಳಿಸಬೇಕು; ‘ಇದು ಅಥವಾ ಅದು’, ‘ಅದು ಅಥವಾ ಇದು’ ಎಂಬವೆರಡನ್ನೂ ಒಂದೇ ಎಂದು ಗುರುತಿಸಬೇಕು; ಮೂರು ನಾಲ್ಕು ‘ಅಥವಾ’ಗಳಿದ್ದರೆ ಆವರಣ ಎಲ್ಲಿ ಹಾಕಿದರೂ ಒಂದೇ ಎಂದು ಎಣಿಸಬೇಕು. ಈ ಗುಡಿಸಾಟ ಬಿಟ್ಟರೆ ಒಂದೇ ಪ್ರಶ್ನೆ ಹೊಸ ಹೊಸ ವೇಷದಲ್ಲಿ ಬಂದು, ಪ್ರತಿ ಹೆಜ್ಜೆಗೂ ಉಬ್ಬುತ್ತಾ ಮೆಮೊರಿಯನ್ನು ತಿನ್ನುತ್ತದೆ. ಗುಡಿಸಿದರೆ, ಒಮ್ಮೆ ಕಂಡ ಪ್ರಶ್ನೆಯನ್ನು ಪಟ್ಟಿಯಲ್ಲಿ ಬರೆದಿಟ್ಟು ಮುಂದಿನ ಸಲ ಲೆಕ್ಕವನ್ನೇ ಮಾಡದೆ ಸಾಗಬಹುದು.

ಬಳಕೆಯಲ್ಲಿರುವ ಅನೇಕ ತಂತ್ರಾಂಶಗಳು ಹಿಡಿಯುವ ದಾರಿ ಬೇರೆ. ಎರಡು ದಾರಿ ಕಂಡಾಗ ಅವು ಒಂದನ್ನು ಹಿಡಿದು ಹೋಗುತ್ತವೆ, ಗೋಡೆ ಎದುರಾದರೆ ಹಿಂದೆ ಬಂದು ಇನ್ನೊಂದನ್ನು ಹಿಡಿಯುತ್ತವೆ. ಕೆಲವು ನಿಯಮಗಳಲ್ಲಿ ಈ ಅಲೆದಾಟ ಮಿತಿಮೀರುತ್ತದೆ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಸರ್ವರ್‌ಗಳು ಸುಮಾರು ಅರ್ಧ ಗಂಟೆ ಏದುಸಿರು ಬಿಟ್ಟದ್ದು ಇಂಥದೇ ಒಂದು ನಿಯಮದಿಂದ. ಅದರೊಳಗೆ ‘ಏನಾದರೂ, ಎಷ್ಟಾದರೂ’ ಎಂಬರ್ಥದ ತುಣುಕುಗಳು ಪಕ್ಕಪಕ್ಕದಲ್ಲೇ ಇದ್ದವು. ತಲೆ ತೆಗೆಯುವ ವಿಧಾನದಲ್ಲಿ ಹಿಂದೆ ಬರುವ ಮಾತೇ ಇಲ್ಲ. ತೆಗೆದ ಸಂಕೇತವನ್ನು ಮತ್ತೆ ನೋಡುವುದಿಲ್ಲ.

ಹಾಗೆಂದು ಇದು ಪುಕ್ಕಟೆಯಲ್ಲ. a, b ಎರಡೇ ಅಕ್ಷರಗಳ ಸಾಲಿನಲ್ಲಿ ‘ಕೊನೆಯಿಂದ ಹತ್ತನೆಯದು a ಆಗಿರಬೇಕು’ ಎಂಬ ನಿಯಮ ಇಟ್ಟು ನೋಡಿ. ಸಾಲು ಎಲ್ಲಿ ಮುಗಿಯುವುದೋ ಗೊತ್ತಿಲ್ಲದ ಕಾರಣ ಹಿಂದಿನ ಹತ್ತೂ ಅಕ್ಷರಗಳ ನೆನಪನ್ನು ಪ್ರಶ್ನೆಯೇ ಹೊರಬೇಕು. ಆಗ ಬೇರೆ ಬೇರೆ ಪ್ರಶ್ನೆಗಳು 1,024 ಆಗುತ್ತವೆ. ‘ಹತ್ತನೆಯದು’ ಇದ್ದಲ್ಲಿ ‘ಹನ್ನೊಂದನೆಯದು’ ಎಂದರೆ ಅದರ ಎರಡು ಪಟ್ಟು. ಸಮಾಧಾನವೆಂದರೆ ಎಲ್ಲವನ್ನೂ ಮೊದಲೇ ಹುಟ್ಟಿಸಬೇಕಿಲ್ಲ, ಸಾಲು ಓದುವಾಗ ಎದುರಾದಷ್ಟನ್ನು ಕಟ್ಟಿಕೊಂಡರೆ ಸಾಕು. 2022ರಲ್ಲಿ ಬಂದ ಮೈಕ್ರೋಸಾಫ್ಟ್‌ನ .NET 7ರಲ್ಲಿ `RegexOptions.NonBacktracking` ಎಂಬ ಆಯ್ಕೆ ಕೆಲಸ ಮಾಡುವುದು ಇದೇ ಡೆರಿವೇಟಿವ್‌ಗಳ ಮೇಲೆ. ಅದನ್ನು ಆರಿಸಿಕೊಂಡರೆ, ‘ಮೊದಲು ಬಂದ ಪದವೇ ಇಲ್ಲಿ ಮತ್ತೆ ಬರಬೇಕು’ ಎಂಬಂಥ ನಿಯಮಗಳನ್ನು ಬರೆಯಲಾಗದು. ಅಂಥ ನಿಯಮ ಹಿಂದೆ ಬಂದ ಪದವನ್ನು ಇದ್ದಂತೆಯೇ ನೆನಪಿಟ್ಟುಕೊಳ್ಳಲು ಕೇಳುತ್ತದೆ; ಪದ ಎಷ್ಟು ಉದ್ದವಾದರೂ ಆಗಬಹುದಾದ್ದರಿಂದ, ಎಣಿಸಿ ಮುಗಿಯುವಷ್ಟು ಪ್ರಶ್ನೆಗಳಲ್ಲಿ ಆ ನೆನಪು ಹಿಡಿಸುವುದಿಲ್ಲ.